ಅಪಾರ್ಟ್‌ಮೆಂಟ್‌ನಲ್ಲಿ ಮೈಕ್ರೋಗ್ರೀನ್ಸ್ ಬೆಳೆದು ವಾರವಾರ ಮಾರುವುದು ಹೇಗೆ: ಎರಡು ಬೆಳೆ, ಐದು ಟ್ರೇ, ಎಂಟು ಮನೆ

ಮಾರಲೆಂದು ಟ್ರೇಯಲ್ಲಿ ಮೈಕ್ರೋಗ್ರೀನ್ಸ್, ಅಂದರೆ ತಿನ್ನುವ ಎಳೆ ಸಸಿ, ಬೆಳೆಯಲು ಹೊರಟವರು ಹೆಚ್ಚಾಗಿ ಎರಡು ಕಡೆ ಎಡವುತ್ತಾರೆ. ಮೂರನೇ ದಿನ ಟ್ರೇ ತುಂಬಾ ಬಿಳಿ ಬೂಸ್ಟು ಕಂಡು ಎಲ್ಲವನ್ನೂ ಕಸಕ್ಕೆ ಸುರಿಯುತ್ತಾರೆ. ಇಲ್ಲವೇ ಬೆಳೆ ಚೆನ್ನಾಗಿಯೇ ಬರುತ್ತದೆ, ಆದರೆ ಡಬ್ಬಿ ಸೇರಿದ ಮೂರೇ ದಿನಕ್ಕೆ ಲೋಳೆಯಾಗುತ್ತದೆ. ಎರಡಕ್ಕೂ ಕಾರಣ ಒಂದೇ: ನೀರು ಇರಬಾರದ ಜಾಗದಲ್ಲಿ ಇದೆ. ಎಲ್ಲಿ, ಯಾವಾಗ ಒದ್ದೆ ಇರಬೇಕು, ಯಾವಾಗ ಒಣಗಿರಬೇಕು ಅನ್ನುವುದೇ ಈ ಕೆಲಸದ ಮುಕ್ಕಾಲು ಪಾಲು.

ತಾರಸಿ ಬಿಟ್ಟು ಟ್ರೇ ಯಾಕೆ ಅಂತ ಕೇಳಬಹುದು. ತಾರಸಿ ತೋಟ ಸ್ವಂತ ಅಡುಗೆಮನೆಗೆ ಒಳ್ಳೆಯದು. ಆದರೆ ಮಾರುವಷ್ಟು ಬೆಳೆಯಲು ಕುಂಡಗಳ ಸಂಖ್ಯೆ ಏರಿಸಿದರೆ ಭಾರ ಬೇಗ ಏರುತ್ತದೆ. ಒದ್ದೆ ಮಣ್ಣು ಲೀಟರಿಗೆ ಒಂದು ಕೆಜಿಗಿಂತ ಜಾಸ್ತಿಯೇ ತೂಗುತ್ತದೆ. 20 ಲೀಟರಿನ 30 ಕುಂಡ ಇಟ್ಟರೆ 600 ಕೆಜಿ ದಾಟಿತು. ಅದೂ ಎಲ್ಲರಿಗೂ ಸೇರಿದ ತಾರಸಿಯ ಮೇಲೆ! ಟ್ರೇಗಳಿಗೆ ಈ ತಲೆನೋವಿಲ್ಲ. ಒಂದು ಗೋಡೆ ಮೂಲೆ, ಎರಡು ಅಂತಸ್ತಿನ ಸ್ಟ್ಯಾಂಡ್ ಇದ್ದರೆ ಸಾಕು. ತಾರಸಿಗೂ ಕೆಲಸ ಇದೆ, ಅದು ಕೊನೆಯಲ್ಲಿ.

ಮೈಕ್ರೋಗ್ರೀನ್ಸ್ ಬೇರೆ, ಮೊಳಕೆಕಾಳು ಬೇರೆ. ಮೊಳಕೆಕಾಳನ್ನು ಬೀಜ, ಬೇರು ಸಮೇತ ತಿನ್ನುತ್ತೇವೆ. ಇದು ಹಾಗಲ್ಲ. ಮೊದಲ ಎರಡು ಬೀಜದೆಲೆ ಪೂರ್ತಿ ಬಿಚ್ಚಿಕೊಂಡಾಗ ಕಾಂಡವನ್ನು ಬುಡದ ಮೇಲೆ ಕತ್ತರಿಸಿ, ಅಷ್ಟನ್ನೇ ತಿನ್ನುವುದು.

## ಹಂತ 1: ಬೇಕಾದ ಸಾಮಾನು

ಟ್ರೇಗಳು 25 × 50 ಸೆಂಟಿಮೀಟರ್ ಅಳತೆಯವು ಅಂತ ಇಟ್ಟುಕೊಳ್ಳೋಣ. ಮುಂದಿನ ಲೆಕ್ಕವೆಲ್ಲ ಇದೇ ಅಳತೆಗೆ. ಬೆಳೆಯುವ ಟ್ರೇಗೆ ತಳದಲ್ಲಿ ತೂತು ಇರಬೇಕು. ಅದರ ಕೆಳಗೆ ತೂತಿಲ್ಲದ ಇನ್ನೊಂದು ಟ್ರೇ. ನೀರು ಹಾಕುವುದು ಈ ಕೆಳಗಿನ ಟ್ರೇಗೆ. ಇವೆರಡು ಜೋಡಿ ಇಲ್ಲದೆ ಶುರು ಮಾಡಲೇಬೇಡಿ.

ಬೇರು ಹಿಡಿಯಲು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಸಾಕು. ಬೀಜದೊಳಗಿನ ಆಹಾರದಲ್ಲೇ ಸಸಿ ಎಂಟು–ಹನ್ನೊಂದು ದಿನ ಬೆಳೆಯುತ್ತದೆ, ಗೊಬ್ಬರ ಬೇಕಿಲ್ಲ. ಅಗ್ಗದ ಕೋಕೋಪೀಟ್‌ನಲ್ಲಿ ಮಾತ್ರ ಉಪ್ಪಿನಂಶ ಉಳಿದಿರಬಹುದು. ಮೊಳಕೆಯ ತುದಿ ಕಂದಾಗಿ ಅಲ್ಲೇ ನಿಂತುಬಿಟ್ಟರೆ ಮೊದಲು ಅದನ್ನೇ ಅನುಮಾನಿಸಿ. ನೆನೆಸಿ, ಹಿಂಡಿ, ಎರಡು ಮೂರು ಸಲ ನೀರು ಬದಲಿಸಿದರೆ ತೊಂದರೆ ತಪ್ಪುತ್ತದೆ.

ಬೆಳಕಿಗೆ ಬಿಳಿ ಎಲ್ಇಡಿ ಟ್ಯೂಬ್. ಅಂತಸ್ತಿಗೆ 20 ವ್ಯಾಟ್‌ನ ಎರಡು, ಎಲೆಯಿಂದ 15–20 ಸೆಂ.ಮೀ. ಮೇಲೆ. ನೇರಳೆ ಬಣ್ಣದ ವಿಶೇಷ ದೀಪ ಬೇಕಿಲ್ಲ. ಕಿಟಕಿ ಬೆಳಕು ಮನೆಬಳಕೆಗೆ ನಡೆಯುತ್ತದೆ, ಆದರೆ ಸಸಿಯೆಲ್ಲ ಒಂದೇ ಕಡೆ ವಾಲುತ್ತದೆ, ಮೋಡದ ವಾರ ಎರಡು ದಿನ ತಡವಾಗುತ್ತದೆ. ಶನಿವಾರ ಕೊಡುತ್ತೇನೆ ಅಂತ ಮಾತು ಕೊಟ್ಟವರಿಗೆ ಆ ಎರಡು ದಿನ ದುಬಾರಿ.

ಉಳಿದಂತೆ ಒಂದು ಚಿಕ್ಕ ಫ್ಯಾನ್, ಸಿಂಪಡಿಸುವ ಬಾಟಲಿ, ಹರಿತವಾದ ಚಾಕು, ಗ್ರಾಂ ತೋರಿಸುವ ತಕ್ಕಡಿ, ಒಂದು ನೋಟ್‌ಬುಕ್. ತಕ್ಕಡಿ ಬೇಡ ಅಂತ ಕೈಬಿಡಬೇಡಿ. ಬೀಜವನ್ನು ಹಿಡಿ ಲೆಕ್ಕದಲ್ಲಿ ಹಾಕುವವರಿಗೆ ಒಂದು ಟ್ರೇ ಬಂದಂತೆ ಇನ್ನೊಂದು ಬರುವುದಿಲ್ಲ.

## ಹಂತ 2: ಬೀಜದ ಆಯ್ಕೆ

ಶುರುವಿಗೆ ಎರಡೇ ಬೆಳೆ: ಮೂಲಂಗಿ ಮತ್ತು ಸಿಪ್ಪೆ ಇರುವ ಸೂರ್ಯಕಾಂತಿ. ಮೂಲಂಗಿ ಬೇಗ ಬರುತ್ತದೆ, ಸುಲಭಕ್ಕೆ ಕೆಡುವುದಿಲ್ಲ. ಸೂರ್ಯಕಾಂತಿ ದಪ್ಪ ಕಾಂಡದ್ದು, ತೂಕ ಜಾಸ್ತಿ, ರುಚಿ ಮೃದು. ಖಾರ ಇಷ್ಟವಿಲ್ಲದವರೂ ಕೊಳ್ಳುತ್ತಾರೆ. ಹತ್ತು ಬಗೆ ಬೀಜ ತಂದವರಿಗೆ ಹತ್ತು ಬಗೆಯ ದಿನಗಣನೆ ಹಿಡಿತಕ್ಕೆ ಸಿಗುವಷ್ಟರಲ್ಲಿ ಬೇಸರ ಬಂದಿರುತ್ತದೆ.

ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದ ಬೀಜ ಬೇಡವೇ ಬೇಡ. ಅದು ಹೊಲಕ್ಕೆಂದು ಶಿಲೀಂಧ್ರನಾಶಕ ಲೇಪಿಸಿದ ಬೀಜ. ಬಣ್ಣ ಇಲ್ಲದಿದ್ದರೂ ಪೊಟ್ಟಣದ ಮೇಲೆ ಯಾವ ಔಷಧವನ್ನೂ ಲೇಪಿಸಿಲ್ಲ ಅಂತ ಬರೆದಿದೆಯಾ ನೋಡಿ. ಟೊಮೆಟೊ, ಬದನೆ, ಮೆಣಸಿನಕಾಯಿಗಳ ಎಳೆ ಸಸಿ ತಿನ್ನಲು ಯೋಗ್ಯವಲ್ಲ, ಈ ಜಾತಿಯ ಎಲೆಯಲ್ಲಿ ವಿಷದ ಅಂಶ ಇರಬಹುದು.

ಹೊಸ ಚೀಲ ತೆರೆದಾಗಲೆಲ್ಲ ಒಂದು ಪರೀಕ್ಷೆ. 50 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂಲಂಗಿಯಾದರೆ ಮೂರು ದಿನಕ್ಕೆ 45 ಆದರೂ ಮೊಳೆತಿರಬೇಕು. ಕಮ್ಮಿಯಾದರೆ ಬರೀ ಇಳುವರಿ ಕಮ್ಮಿಯಾಗುವುದಿಲ್ಲ. ಮೊಳೆಯದ ಬೀಜ ಟ್ರೇಯಲ್ಲೇ ಕೊಳೆಯುತ್ತದೆ, ಬೂಸ್ಟು ಶುರುವಾಗುವುದು ಅಲ್ಲಿಂದಲೇ.

## ಹಂತ 3: ಬಿತ್ತನೆ

ಮೊದಲು ಟ್ರೇ ಸೋಪಿನಲ್ಲಿ ತೊಳೆಯಿರಿ. ಆಮೇಲೆ 4 ಲೀಟರ್ ನೀರಿಗೆ 15 ಮಿ.ಲೀ. ಲೆಕ್ಕದಲ್ಲಿ, ವಾಸನೆ ಬೆರೆಸದ ಶೇ 5ರ ಬ್ಲೀಚ್ ಹಾಕಿ ಕೆಲವು ನಿಮಿಷ ಅದ್ದಿಡಿ. ಮತ್ತೆ ತೊಳೆದು ಪೂರ್ತಿ ಒಣಗಿಸಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಬೇರೆ ಕ್ಲೀನರ್ ಸೇರಿಸಬೇಡಿ, ವಿಷಗಾಳಿ ಬರುತ್ತದೆ.

ಕೋಕೋಪೀಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಎರಡು ಮೂರು ಹನಿ ಬಿದ್ದರೆ ಹದ ಸರಿ. ಧಾರೆಯಾಗಿ ಸುರಿದರೆ ನೀರು ಜಾಸ್ತಿಯಾಗಿದೆ. ಟ್ರೇಗೆ 2.5 ಸೆಂ.ಮೀ. ದಪ್ಪ ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಿ ಸಮ ಮಾಡಿ. ಹಳ್ಳ ಇದ್ದಲ್ಲಿ ನೀರು ನಿಲ್ಲುತ್ತದೆ.

ಮೂಲಂಗಿ ಬೀಜ ನೆನೆಸಬೇಕಿಲ್ಲ. ಟ್ರೇಗೆ 30 ಗ್ರಾಂ ತೂಗಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಉದುರಿಸಿ. ಬೀಜ ಒಂದರ ಪಕ್ಕ ಒಂದು ಇರಬೇಕು, ಒಂದರ ಮೇಲೊಂದು ಕೂರಬಾರದು. 50 ಗ್ರಾಂ ಹಾಕಿದರೆ ಇಳುವರಿ ಹೆಚ್ಚುತ್ತದೆ ಅನ್ನಿಸುತ್ತದೆ, ಅಲ್ವಾ? ಕಾಂಡಗಳ ನಡುವೆ ಗಾಳಿ ಆಡದೆ ಬುಡ ಕೊಳೆತು, ಇರುವುದೂ ಹೋಗುತ್ತದೆ.

ಸೂರ್ಯಕಾಂತಿ ಟ್ರೇಗೆ 110 ಗ್ರಾಂ. ಇದನ್ನು 8–10 ಗಂಟೆ ನೆನೆಸಬೇಕು. ಬೀಜ ತೇಲುವುದರಿಂದ ಮೇಲೊಂದು ತಟ್ಟೆ ಇಟ್ಟು ಅದುಮಿ. ಮರುದಿನ ನೀರು ತಿಳಿಯಾಗುವವರೆಗೆ ತೊಳೆಯಿರಿ. ಸೂರ್ಯಕಾಂತಿಯ ಬೂಸ್ಟು ಬಹುಪಾಲು ಸಿಪ್ಪೆಯ ಜೊತೆಗೇ ಬಂದಿರುತ್ತದೆ, ಆದ್ದರಿಂದ ಇಲ್ಲಿ ಸೋಮಾರಿತನ ಮಾಡಬೇಡಿ.

ಎರಡಕ್ಕೂ ಮೇಲೆ ಮಣ್ಣು ಮುಚ್ಚಬೇಡಿ. ಒಂದು ಸಲ ಮೇಲಿನಿಂದ ಸಿಂಪಡಿಸಿ, ಅಷ್ಟೇ.

## ಹಂತ 4: ಭಾರ ಮತ್ತು ಕತ್ತಲೆ

ಬಿತ್ತಿದ ಟ್ರೇ ಮೇಲೆ ಖಾಲಿ ಟ್ರೇ ಮಗುಚದೆ ನೇರವಾಗಿ ಕೂರಿಸಿ, ಅದರೊಳಗೆ ಭಾರ ಇಡಿ. ಮೂಲಂಗಿಗೆ ಎರಡು ಕೆಜಿ, ಸೂರ್ಯಕಾಂತಿಗೆ ಮೂರು ನಾಲ್ಕು ಕೆಜಿ. ನೀರು ತುಂಬಿದ ಒಂದು ಲೀಟರ್ ಬಾಟಲಿಗಳೇ ನನಗೆ ಸಾಕಾಗಿವೆ. ಭಾರ ಇದ್ದರೆ ಬೇರು ಕೆಳಕ್ಕೇ ಇಳಿಯುತ್ತದೆ, ಕಾಂಡ ದಪ್ಪವಾಗುತ್ತದೆ, ಸೂರ್ಯಕಾಂತಿಯ ಸಿಪ್ಪೆ ಕಳಚಲೂ ಸಹಾಯವಾಗುತ್ತದೆ.

ಹೊಸಬರು ಭಾರ ಇಡಲು ಹೆದರುತ್ತಾರೆ, ಪಾಪ ಸಸಿ ನಜ್ಜುಗುಜ್ಜಾಗುತ್ತದೆ ಅಂತ. ಮೂರನೇ ದಿನ ಬೆಳಗ್ಗೆ ನೋಡಿ: ಮೂಲಂಗಿ ಆ ಬಾಟಲಿಗಳನ್ನು ಟ್ರೇ ಸಮೇತ ಮೇಲೆತ್ತಿ ನಿಂತಿರುತ್ತದೆ.

ಕತ್ತಲೆಯಲ್ಲಿರುವಷ್ಟು ದಿನ ದಿನಕ್ಕೊಮ್ಮೆ ಮುಚ್ಚಳ ಎತ್ತಿ ನೋಡಿ. ಮೇಲ್ಮೈ ಒಣಗಿದ್ದರೆ ಮಾತ್ರ ಸಿಂಪಡಿಸಿ. ಮೂಲಂಗಿಗೆ ಮೂರು ದಿನ ಕತ್ತಲೆ, ಸೂರ್ಯಕಾಂತಿಗೆ ನಾಲ್ಕು.

ಇದು ಬೂಸ್ಟಾ, ಬೇರಾ? ಬಿಳಿ ನವಿರು ಕಂಡ ತಕ್ಷಣ ಟ್ರೇ ಎಸೆಯಬೇಡಿ. ಮೂಲಂಗಿಯ ಬೇರಿನ ಸುತ್ತ ಸಣ್ಣ ಬಿಳಿ ಕೂದಲು ಬೆಳೆಯುತ್ತದೆ, ನೋಡಲು ಥೇಟ್ ಬೂಸ್ಟು. ಅದರ ಮೇಲೆ ನೀರು ಸಿಂಪಡಿಸಿ. ಬೇರುಗೂದಲಾದರೆ ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತದೆ, ಸ್ವಲ್ಪ ಒಣಗಿದ ಮೇಲೆ ಮತ್ತೆ ಕಾಣಿಸುತ್ತದೆ. ಪ್ರತಿ ಬೇರಿನ ಸುತ್ತಲೂ ಒಂದೇ ಸಮ ಇರುತ್ತದೆ. ಬೂಸ್ಟು ಹಾಗಲ್ಲ. ಜೇಡರ ಬಲೆಯಂತೆ ಒಂದು ಬೀಜದಿಂದ ಇನ್ನೊಂದಕ್ಕೆ, ಕಾಂಡದ ಮೇಲೂ ಹಬ್ಬುತ್ತದೆ, ಒಂದು ಮೂಲೆಯಲ್ಲಿ ಶುರುವಾಗುತ್ತದೆ, ನೀರು ಹಾಕಿದರೂ ಉಳಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಮೊದಮೊದಲು ನಾನು ಎಸೆದ ಟ್ರೇಗಳಲ್ಲಿ ಹೆಚ್ಚಿನವು ಬೂಸ್ಟೇ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಿಜವಾದ ಬೂಸ್ಟು ಕಂಡರೆ ಆ ಟ್ರೇ ಮಾರಾಟಕ್ಕೆ ಇಲ್ಲ. ಮೂಲೆಯನ್ನಷ್ಟೇ ಕಿತ್ತು ಉಳಿದದ್ದನ್ನು ಕೊಡುವ ಆಸೆ ಬೇಡ.

## ಹಂತ 5: ಬೆಳಕಿಗೆ ತಂದ ಮೇಲೆ

ಮುಚ್ಚಳ ತೆಗೆದಾಗ ಸಸಿ ಹಳದಿಯಾಗಿ, ಬಾಗಿಕೊಂಡಿರುತ್ತದೆ. ದೀಪದಡಿ ಒಂದು ದಿನ ಕಳೆದರೆ ಹಸಿರು ಬರುತ್ತದೆ. ದಿನಕ್ಕೆ 14 ಗಂಟೆ ಬೆಳಕು ಕೊಡಿ.

ಇಲ್ಲಿಂದ ಮೇಲಿನಿಂದ ನೀರು ಹಾಕುವುದು ಬಂದ್. ಕೆಳಗಿನ ಟ್ರೇಗೆ 300 ಮಿ.ಲೀ. ಸುರಿದು ಅರ್ಧ ಗಂಟೆ ಬಿಡಿ. ಬೇರು ಎಳೆದುಕೊಂಡು ಉಳಿದ ನೀರನ್ನು ಚೆಲ್ಲಿಬಿಡಿ. ಕೊನೆಯ ದಿನಗಳಲ್ಲಿ 400–500 ಮಿ.ಲೀ. ಬೇಕಾಗಬಹುದು. ಯಾವಾಗ ಹಾಕಬೇಕು ಅನ್ನುವುದಕ್ಕೆ ಗಡಿಯಾರಕ್ಕಿಂತ ಕೈ ವಾಸಿ: ಟ್ರೇಯ ಒಂದು ತುದಿ ಎತ್ತಿ ನೋಡಿ, ಹಗುರ ಅನ್ನಿಸಿದರೆ ನೀರು. ನಾಲ್ಕು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಫ್ಯಾನ್ ನೇರವಾಗಿ ಸಸಿಗೆ ಬಡಿಯಬಾರದು. ಎಲೆ ಸಣ್ಣಗೆ ಅಲುಗಾಡಿದರೆ ಸಾಕು. ಕೋಣೆ 18ರಿಂದ 24 ಡಿಗ್ರಿ ಇದ್ದರೆ ಒಳ್ಳೆಯದು. 28 ದಾಟಿದ ದಿನ ಬೀಜದ ಅಳತೆಯನ್ನು ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿ, ಫ್ಯಾನ್ ರಾತ್ರಿಯೂ ಓಡಲಿ.

ಗಮನಿಸಬೇಕಾದ ಸೂಚನೆಗಳು ಮೂರು:

- ಕಾಂಡದ ಬುಡ ದಾರದಂತೆ ಸಣ್ಣಗಾಗಿ ಸಸಿ ಗುಂಪಾಗಿ ಮಲಗಿದರೆ ಅದು ಬುಡಕೊಳೆ. ತೇವ ಜಾಸ್ತಿ, ಗಾಳಿ ಕಮ್ಮಿ. ಇದಕ್ಕೆ ಮದ್ದಿಲ್ಲ, ಟ್ರೇ ತೆಗೆಯಿರಿ.
- ಪೂರ್ತಿ ಟ್ರೇ ಒಟ್ಟಿಗೆ ಬಾಡಿ, ಬುಡ ಗಟ್ಟಿಯಾಗೇ ಇದ್ದರೆ ಬಾಯಾರಿಕೆ ಅಷ್ಟೇ. ಕೆಳಗಿನಿಂದ ನೀರು ಕೊಟ್ಟರೆ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ.
- ಕಾಂಡ ಉದ್ದ, ಎಲೆ ಚಿಕ್ಕದು, ಬಣ್ಣ ಪೇಲವ ಇದ್ದರೆ ದೀಪ ದೂರದಲ್ಲಿದೆ, ಅಥವಾ ಕತ್ತಲೆ ಒಂದು ದಿನ ಜಾಸ್ತಿಯಾಗಿದೆ.

ಸೂರ್ಯಕಾಂತಿಯ ಎಲೆ ತುದಿಗೆ ಸಿಪ್ಪೆ ಟೋಪಿಯಂತೆ ಸಿಕ್ಕಿಕೊಂಡಿರುತ್ತದೆ. ಒಣಗಿದ ಸಿಪ್ಪೆ ಎಳೆದರೆ ಎಲೆಯೂ ಹರಿಯುತ್ತದೆ. ಬೆಳಗ್ಗೆ ಸಿಪ್ಪೆಗೆ ಮಾತ್ರ ತೆಳುವಾಗಿ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಅಂಗೈಯಿಂದ ಮೇಲೆ ಸವರಿ. ಮೇಲಿನಿಂದ ನೀರು ಬೇಡ ಅನ್ನುವ ನಿಯಮಕ್ಕೆ ಇದೊಂದೇ ವಿನಾಯಿತಿ. ಕಟಾವಿನ ಹಿಂದಿನ ದಿನ ಇದನ್ನೂ ಮಾಡಬೇಡಿ.

## ಹಂತ 6: ಕಟಾವು ಮತ್ತು ಡಬ್ಬಿ

ನನ್ನ ಮೊದಲ ಮಾರಾಟದ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಶನಿವಾರ ಮೂಲಂಗಿ ಕೊಯ್ದು, ಸ್ವಚ್ಛವಾಗಿರಲಿ ಅಂತ ತೊಳೆದು, ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ತುಂಬಿದೆ. ಡಬ್ಬಿ ನೋಡಲು ಚೆಂದವೇ ಇತ್ತು. ಮಂಗಳವಾರ ಕೆಳಗಿನ ಮನೆಯವರು ಒಂದು ಫೋಟೊ ಕಳಿಸಿದರು. ಮೇಲಿನ ಎಲೆ ಹಸಿರಾಗೇ ಇದೆ, ತಳದಲ್ಲಿ ಕಪ್ಪು ಲೋಳೆ. ಕೆಳಗೆ ಒಂದೇ ಸಾಲು: "ಇದು ಹೀಗೇ ಇರತ್ತಾ?" ಆ ಮನೆ ಮತ್ತೆ ತೆಗೆದುಕೊಳ್ಳಲು ಎರಡು ತಿಂಗಳು ಹಿಡಿಯಿತು.

ತಪ್ಪು ಎರಡು. ತೊಳೆದ ಎಲೆಗಳ ನಡುವೆ ನೀರು ಉಳಿದಿತ್ತು. ಜೊತೆಗೆ ಕೋಣೆಯ ಬಿಸಿಯಲ್ಲೇ ಮುಚ್ಚಳ ಹಾಕಿದ್ದೆ. ಫ್ರಿಜ್‌ಗೆ ಹೋದ ಕೂಡಲೇ ಒಳಗಿನ ಹಬೆ ಹನಿಗಟ್ಟಿ ಕೆಳಗೆ ಇಳಿದಿತ್ತು.

ಈಗಿನ ಕ್ರಮ ಹೀಗೆ. ಶುಕ್ರವಾರ ಬೆಳಗ್ಗೆ ಕೊನೆಯ ನೀರು. ಶನಿವಾರ ಬೆಳಗ್ಗೆ ಎಲೆ ಮುಟ್ಟಿದರೆ ಒಣಗಿರಬೇಕು. ಕೈ ತೊಳೆದು, ಹರಿತ ಚಾಕುವಿನಿಂದ ಕೋಕೋಪೀಟ್‌ಗಿಂತ ಎರಡು ಸೆಂ.ಮೀ. ಮೇಲೆ ಕೊಯ್ಯುವುದು. ಇನ್ನೂ ಕೆಳಗೆ ಹೋದರೆ ಪುಡಿ ಅಂಟುತ್ತದೆ, ಆಗ ತೊಳೆಯಲೇಬೇಕಾಗುತ್ತದೆ. ಕೊಯ್ದದ್ದನ್ನು ತೊಳೆಯುವುದಿಲ್ಲ. ಡಬ್ಬಿಗೆ ಸಡಿಲವಾಗಿ ತುಂಬಿ, ಮುಚ್ಚಳ ಸರಿಯಾಗಿ ಅದುಮದೆ ಫ್ರಿಜ್‌ನಲ್ಲಿ ಒಂದು ಗಂಟೆ ತಣಿಸಿ, ಆಮೇಲೆ ಮುಚ್ಚುವುದು. "ತಿನ್ನುವ ಮೊದಲು ತೊಳೆಯಿರಿ" ಅಂತ ಚೀಟಿ, ಜೊತೆಗೆ ಕೊಯ್ದ ದಿನಾಂಕ. 5 ಡಿಗ್ರಿಗಿಂತ ಕೆಳಗೆ ಇಟ್ಟರೆ ವಾರ ಬಾಳುತ್ತದೆ.

ಮೂಲಂಗಿಯನ್ನು ಎಂಟನೇ ದಿನ, ಸೂರ್ಯಕಾಂತಿಯನ್ನು ಹನ್ನೊಂದನೇ ದಿನ ಕೊಯ್ಯಿರಿ. ಸೂರ್ಯಕಾಂತಿಯ ಎರಡು ದಪ್ಪ ಎಲೆಗಳ ನಡುವೆ ರೋಮ ಇರುವ ಹೊಸ ಎಲೆ ಇಣುಕಿದರೆ ತಡವಾಯಿತು, ರುಚಿ ಕಹಿಗೆ ತಿರುಗುತ್ತದೆ.

## ಹಂತ 7: ಎಂಟು ಮನೆಗೆ ವಾರದ ಲೆಕ್ಕ

ಗಿರಾಕಿ ಹಿಡಿದು ಆಮೇಲೆ ಬೆಳೆಯಲು ಹೋಗಬೇಡಿ. ಮೊದಲು ಮೂರು ವಾರ ಮನೆಗೆ ಮಾತ್ರ ಬೆಳೆದು ಪ್ರತಿ ಟ್ರೇಯ ತೂಕ ಬರೆದಿಡಿ. ಬೇರೆಯವರು ಹೇಳಿದ ಇಳುವರಿ ನಿಮ್ಮ ಕೋಣೆಯದಲ್ಲ.

ನಿಮ್ಮ ನೋಟ್‌ಬುಕ್‌ನಲ್ಲಿ ಮೂಲಂಗಿ ಟ್ರೇಗೆ 200 ಗ್ರಾಂ, ಸೂರ್ಯಕಾಂತಿಗೆ 300 ಗ್ರಾಂ ಬಂದಿದೆ ಅಂದುಕೊಳ್ಳಿ. ಎಂಟು ಮನೆಗೆ ಪ್ರತಿ ಶನಿವಾರ ಎರಡರದ್ದೂ 50 ಗ್ರಾಂ ಡಬ್ಬಿ, ಅಂದರೆ ತಲಾ 400 ಗ್ರಾಂ. ಮೂಲಂಗಿಗೆ ಎರಡು ಟ್ರೇ ಸರಿಹೋಗುತ್ತದೆ, ಆದರೆ ಒಂದು ಕೆಟ್ಟರೆ ನಾಲ್ಕು ಮನೆಗೆ ಇಲ್ಲ. ಹಾಗಾಗಿ ಮೂರು. ಸೂರ್ಯಕಾಂತಿ ಎರಡು ಟ್ರೇಯಲ್ಲೇ 600 ಗ್ರಾಂ ಬರುವುದರಿಂದ ಕೊಂಚ ಹೆಚ್ಚೇ ಇದೆ. ಒಟ್ಟು ಐದು.

ವಾರ ಹೀಗೆ ನಡೆಯುತ್ತದೆ:

- ಸೋಮವಾರ: ಕತ್ತಲೆಯಲ್ಲಿದ್ದ ಮೂಲಂಗಿ ಬೆಳಕಿಗೆ. ರಾತ್ರಿ ಸೂರ್ಯಕಾಂತಿ ನೆನೆಸುವುದು.
- ಮಂಗಳವಾರ ಬೆಳಗ್ಗೆ: ಸೂರ್ಯಕಾಂತಿ ಬಿತ್ತನೆ.
- ಶುಕ್ರವಾರ: ಮೂಲಂಗಿ ಬಿತ್ತನೆ. ಮರುದಿನ ಕೊಯ್ಯುವ ಟ್ರೇಗಳಿಗೆ ಕೊನೆಯ ನೀರು.
- ಶನಿವಾರ: ಕಟಾವು. ಖಾಲಿಯಾದ ಜಾಗಕ್ಕೆ ಮಂಗಳವಾರದ ಸೂರ್ಯಕಾಂತಿ.

ಎಣಿಸಿ ನೋಡಿ: ದೀಪದಡಿ ಯಾವತ್ತೂ ಐದಕ್ಕಿಂತ ಹೆಚ್ಚು ಟ್ರೇ ಇರುವುದಿಲ್ಲ. ಕತ್ತಲೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮಂಚದಡಿ ಇಡಬಹುದು. ಚಳಿಯಲ್ಲಿ ಮೂಲಂಗಿ ಒಂದೆರಡು ದಿನ ತಡ ಮಾಡುತ್ತದೆ. ಆಗ ಶುಕ್ರವಾರದ ಬಿತ್ತನೆಯನ್ನು ಬುಧವಾರಕ್ಕೆ ತನ್ನಿ, ಶನಿವಾರವನ್ನು ಮಾತ್ರ ಬದಲಿಸಬೇಡಿ.

ಬೆಲೆ ಇಡುವಾಗ ಜನ ಬೀಜದ ಖರ್ಚು ಮಾತ್ರ ಲೆಕ್ಕ ಹಾಕುತ್ತಾರೆ. ನಾಲ್ಕು ಟ್ಯೂಬ್ ಸೇರಿ 80 ವ್ಯಾಟ್, ದಿನಕ್ಕೆ 14 ಗಂಟೆ ಉರಿದರೆ ವಾರಕ್ಕೆ ಸುಮಾರು 8 ಯೂನಿಟ್ ಕರೆಂಟು. 16 ಡಬ್ಬಿಗೆ ಹಂಚಿದರೆ ಡಬ್ಬಿಗೆ ಅರ್ಧ ಯೂನಿಟ್. ಇದಕ್ಕೆ ಬೀಜ, ಕೋಕೋಪೀಟ್, ಡಬ್ಬಿ, ನಿಮ್ಮ ಗಂಟೆಗಳನ್ನು ಸೇರಿಸಿ. ಭಾಗಿಸುವಾಗ ಬೆಳೆದ ಡಬ್ಬಿಗಳಿಂದ ಬೇಡ, ಮಾರಿದ ಡಬ್ಬಿಗಳಿಂದ ಭಾಗಿಸಿ. ಕೆಟ್ಟ ಟ್ರೇಯ ಖರ್ಚೂ ಆಗ ತಾನಾಗಿ ಒಳಗೆ ಬರುತ್ತದೆ. ಹಾಗೆ ಮಾಡಿದಾಗ ಸೂರ್ಯಕಾಂತಿಯ ಡಬ್ಬಿ ಮೂಲಂಗಿಯದ್ದಕ್ಕಿಂತ ದುಬಾರಿ ಅಂತ ಕಂಡರೆ ಎರಡಕ್ಕೂ ಒಂದೇ ಬೆಲೆ ಇಡಬೇಡಿ.

ಡಬ್ಬಿ ಕೊಡುವ ಮೊದಲು ನಿಮ್ಮಲ್ಲಿ ಮನೆಯಿಂದ ಆಹಾರ ಮಾರಲು ಯಾವ ನೋಂದಣಿ ಬೇಕು ಅಂತ ವಿಚಾರಿಸಿ. ನಿವಾಸಿಗಳ ಸಂಘಕ್ಕೂ ತಿಳಿಸಿಡಿ. ಲಿಫ್ಟ್‌ನಲ್ಲಿ ಸಿಕ್ಕಿದಾಗ ಬಾಯಿಮಾತಿಗೆ ಹೇಳಿದ್ದು ಸಾಲದು.

ಒಂದೇ ಕಟ್ಟಡದೊಳಗೆ ಮಾರುವವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಇಷ್ಟ. ಕೊಯ್ಯದೆ ಹಾಗೇ ಕೊಡುವುದು. 12 × 12 ಸೆಂ.ಮೀ. ಡಬ್ಬಿಯ ತಳಕ್ಕೆ ತೂತು ಮಾಡಿ, ಮೂರೂವರೆ ಗ್ರಾಂ ಮೂಲಂಗಿ ಬಿತ್ತಿ, ಏಳನೇ ದಿನ ತಟ್ಟೆ ಸಮೇತ ಕೊಟ್ಟುಬಿಡಿ. ಬೇಕಾದಾಗ ಅವರೇ ಕತ್ತರಿಸಿಕೊಳ್ಳುತ್ತಾರೆ. ಫ್ರಿಜ್ ಬೇಡ, ಲೋಳೆಯ ದೂರು ಇಲ್ಲ, ಡಬ್ಬಿಯೂ ವಾಪಸ್ ಬರುತ್ತದೆ. ಮೂರು ನಾಲ್ಕು ದಿನದಲ್ಲಿ ಮುಗಿಸಿ ಅಂತ ಹೇಳಲು ಮರೆಯಬೇಡಿ.

## ಹಂತ 8: ಉಳಿದ ಬೇರು ತಾರಸಿಗೆ

ಕೊಯ್ದ ಮೇಲೆ ಟ್ರೇಯಲ್ಲಿ ಬೇರು ಹೆಣೆದ ಚಾಪೆ ಉಳಿಯುತ್ತದೆ. ಮೂಲಂಗಿ, ಸೂರ್ಯಕಾಂತಿ ಮತ್ತೆ ಚಿಗುರುವುದಿಲ್ಲ, ಕಾಯಬೇಡಿ. ಅದೇ ಕೋಕೋಪೀಟ್‌ನಲ್ಲಿ ಮತ್ತೆ ಬಿತ್ತಲೂ ಬೇಡಿ, ಕೊಳೆಯುವ ಬೇರಿನಿಂದಲೇ ಬೂಸ್ಟು ಏಳುತ್ತದೆ.

ಚಾಪೆಯನ್ನು ಕೈಯಿಂದ ತುಂಡು ಮಾಡಿ, ತಾರಸಿಯ ಮೂಲೆಯಲ್ಲಿ ತೂತಿರುವ ಡ್ರಮ್‌ಗೆ ಹಾಕಿ, ಒಣ ಎಲೆಯ ಜೊತೆ ಪದರ ಪದರವಾಗಿ ಬಿಡಿ. ವಾರಕ್ಕೊಮ್ಮೆ ಮಗುಚಿ. ಎರಡು ಮೂರು ತಿಂಗಳಲ್ಲಿ ಬೇರು ಗುರುತು ಸಿಗದಂತಾಗುತ್ತದೆ. ವಾರಕ್ಕೆ ಐದು ಟ್ರೇ ಅಂದರೆ ಸುಮಾರು 15 ಲೀಟರ್. ಡ್ರಮ್ ಅಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ, ಎರಡು ಇಟ್ಟುಕೊಳ್ಳಿ. ಕೊಳೆತ ಪುಡಿಯನ್ನು ಕುಂಡದ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಬೆರೆಸಿದರೆ ಕುಂಡ ಹಗುರವಾಗುತ್ತದೆ. ಇದರಲ್ಲಿ ಪೋಷಕಾಂಶ ಕಮ್ಮಿ, ಆದ್ದರಿಂದ ಕುಂಡಕ್ಕೆ ಹಾಕುವ ಗೊಬ್ಬರ ನಿಲ್ಲಿಸಬೇಡಿ.